ಜೀವಂತ ತೂಕದಲ್ಲಿ ಕೊಂಡ ಕೋಳಿ: ಸ್ವಚ್ಛ ಮಾಂಸ ಕಿಲೋಗೆ ಎಷ್ಟು ಬೀಳುತ್ತದೆ?

ಕೆಲವು ವರ್ಷಗಳ ಹಿಂದೆ ನೂರು ಜನರ ಊಟಕ್ಕೆ ಕೋಳಿ ತರುವ ಕೆಲಸ ನನ್ನ ತಲೆಗೆ ಬಿತ್ತು. ಒಬ್ಬರಿಗೆ ಮೂಳೆ ಸಮೇತ 200 ಗ್ರಾಂ ಅಂದರೆ ಚರ್ಮ ತೆಗೆದ ಮಾಂಸ 20 ಕಿಲೋ ಬೇಕು. ಕೋಳಿಯಲ್ಲಿ ನೂರಕ್ಕೆ ಮೂವತ್ತೇಳೂವರೆಯಷ್ಟು ಹೋಗುತ್ತದೆ ಎಂದು ಯಾರೋ ಹೇಳಿದ್ದರು. ನಾನು 20ಕ್ಕೆ ಅದರ ಶೇ. 37.5 ಸೇರಿಸಿ 27.5 ಕಿಲೋ ಜೀವಂತ ಕೋಳಿ ಹೇಳಿದೆ. ಕತ್ತರಿಸಿ ಬಂದದ್ದು 17 ಕಿಲೋ ಚಿಲ್ಲರೆ. ಅಷ್ಟರಲ್ಲಿ 86 ಜನರ ಪಾಲು ಮಾತ್ರ ಆಗುತ್ತಿತ್ತು. ಅಂಗಡಿಯವನ ಮೇಲೆ ರೇಗಿದೆ. ಪಾಪ, ಅವನದೇನೂ ತಪ್ಪಿರಲಿಲ್ಲ, ತಪ್ಪಿದ್ದು ನನ್ನ ಲೆಕ್ಕ.

ನಷ್ಟದ ಪ್ರಮಾಣ ಜೀವಂತ ತೂಕದ ಮೇಲಿನದು. ನಾನು ಅದನ್ನು ಮಾಂಸದ ತೂಕದ ಮೇಲೆ ಕೂಡಿಸಿದ್ದೆ. 100ರಲ್ಲಿ 37.5 ಹೋದರೆ ಉಳಿಯುವುದು 62.5. ಹಾಗಾಗಿ 20 ಕಿಲೋ ಬೇಕಾದರೆ 20ನ್ನು 0.625ರಿಂದ ಭಾಗಿಸಬೇಕು, 32 ಕಿಲೋ ಬರುತ್ತದೆ. ನಾನು ಹೇಳಿದ್ದಕ್ಕಿಂತ ನಾಲ್ಕೂವರೆ ಕಿಲೋ ಹೆಚ್ಚು. ಬೆಲೆಯಲ್ಲೂ ಇದೇ ಎಡವಟ್ಟು ಆಗುತ್ತದೆ. ಜೀವಂತ ದರ 100 ಇದ್ದರೆ ಚರ್ಮ ತೆಗೆದ ಮಾಂಸ 137 ಬೀಳುತ್ತದೆ ಎಂದು ಬಹಳ ಜನ ಅಂದುಕೊಂಡಿರುತ್ತಾರೆ. ನಿಜಕ್ಕೂ ಬೀಳುವುದು 160. ಪಕ್ಕದ ಅಂಗಡಿಯಲ್ಲಿ ಶುದ್ಧ ಮಾಡಿದ್ದನ್ನು 155ಕ್ಕೆ ಕೊಡುತ್ತಿದ್ದರೆ ‘ಅಬ್ಬಾ, ದುಬಾರಿ’ ಎಂದು ಬಿಟ್ಟು ಬಂದಿರುತ್ತಾರೆ. ಅದೇ ಅಗ್ಗ.

ಈ ಬರಹದಲ್ಲಿ ಎಲ್ಲ ಕಡೆ ಜೀವಂತ ತೂಕದ ದರ ಕಿಲೋಗೆ 100 ಎಂದು ಇಟ್ಟುಕೊಂಡಿದ್ದೇನೆ. ನೀವಿರುವಲ್ಲಿ ಯಾವ ಹಣವಿದ್ದರೂ, ದರ ಎಷ್ಟೇ ಇದ್ದರೂ ಅದೇ ಅನುಪಾತದಲ್ಲಿ ಹಿಗ್ಗಿಸಿಕೊಳ್ಳಿ, ಕುಗ್ಗಿಸಿಕೊಳ್ಳಿ.

ಮೊದಲು ಯಾವುದನ್ನು ಅಳೆಯಬೇಕು

ಹೋಲಿಸುವ ಮೊದಲು ಮೂರು ಪ್ರಶ್ನೆಗೆ ಉತ್ತರ ಕೊಟ್ಟುಕೊಳ್ಳಬೇಕು. ಒಂದು, ನಿಮ್ಮ ಪಾತ್ರೆಗೆ ಬೀಳುವುದು ಏನು? ಚರ್ಮ ಸಮೇತವೋ, ಚರ್ಮ ಸುಲಿದು ಮೂಳೆ ಸಮೇತವೋ, ಬರೀ ಮಾಂಸವೋ? ಎರಡು, ಲಿವರ್, ಗುಂಡಿಗೆ, ಗಿಜರ್ಡ್ ನಿಮ್ಮ ಮನೆಯಲ್ಲಿ ತಿನ್ನುತ್ತಾರೋ ಇಲ್ಲವೋ? ಮೂರು, ಮೂಳೆ ನಿಮಗೆ ಕಸವೋ, ಸೂಪಿಗೆ ಬೇಯುವ ಸಾಮಗ್ರಿಯೋ? ಅಂಗಡಿಯ ಎದುರು ನಿಂತಾಗ ಹಲಗೆಯ ಮೇಲಿನ ದರಗಳೇ ಕಣ್ಣಿಗೆ ಹೊಡೆಯುತ್ತವೆ, ಆದರೆ ಆ ದರಗಳು ಬೇರೆ ಬೇರೆ ವಸ್ತುಗಳದ್ದು. ಕೊಟ್ಟ ಹಣವನ್ನು ನೀವು ನಿಜವಾಗಿ ಬಳಸುವ ಗ್ರಾಂಗಳಿಂದ ಭಾಗಿಸಿದ ಮೇಲೆಯೇ ಒಂದರ ಪಕ್ಕ ಇನ್ನೊಂದನ್ನು ಇಡಲು ಬರುವುದು.

ಬೇಯಿಸುವಾಗ ನೀರು ಹೋಗಿ ಮಾಂಸ ಕುಗ್ಗುವುದನ್ನು ಇಲ್ಲಿ ಬಿಟ್ಟಿದ್ದೇನೆ. ತಾಜಾ ಮಾಂಸವನ್ನು ಯಾವ ರೂಪದಲ್ಲಿ ಕೊಂಡರೂ ಆ ಕುಗ್ಗುವಿಕೆ ಹೆಚ್ಚೂಕಡಿಮೆ ಒಂದೇ, ಆಯ್ಕೆಯನ್ನು ಬದಲಿಸುವುದಿಲ್ಲ.

ಒಂದು ಕೋಳಿ, ಬಿಡಿಬಿಡಿಯಾಗಿ

ಆ ಊಟದ ಪ್ರಸಂಗ ಆದಮೇಲೆ ಒಂದು ದಿನ ಅಡಿಗೆಮನೆಯ ತಕ್ಕಡಿ ತೆಗೆದುಕೊಂಡು ಒಂದು ಬ್ರಾಯ್ಲರ್ ಕೋಳಿಯ ಪ್ರತಿಯೊಂದು ಭಾಗವನ್ನೂ ತೂಗಿದೆ. ಕತ್ತರಿಸುವವನು ನನ್ನನ್ನು ವಿಚಿತ್ರವಾಗಿ ನೋಡಿದ, ಆದರೂ ಒಂದು ಭಾಗವನ್ನೂ ಬುಟ್ಟಿಗೆ ಎಸೆಯದೆ ನನ್ನ ಮುಂದೆ ಇಡುತ್ತಾ ಬಂದ.

ಜೀವಂತವಾಗಿ 2,200 ಗ್ರಾಂ. ರಕ್ತ ಹೋದ ಮೇಲೆ 80 ಗ್ರಾಂ ಇಳಿಯಿತು. ಪುಕ್ಕ ಮತ್ತು ಚರ್ಮವನ್ನು ಒಟ್ಟಿಗೇ ಅಂಗಿ ಕಳಚಿದ ಹಾಗೆ ಎಳೆದ, ಅದು 320 ಗ್ರಾಂ. ಅದರಲ್ಲಿ ಚರ್ಮದ್ದು ಸುಮಾರು 200, ಉಳಿದದ್ದು ಪುಕ್ಕ. ತಲೆ 60, ಪಾದಗಳು 85. ಕರುಳು, ಮೇವಿನ ಚೀಲ, ಶ್ವಾಸಕೋಶ, ಗಿಜರ್ಡಿನ ಒಳಪೊರೆ ಮತ್ತು ಅದರೊಳಗಿನ ಕಾಳು ಎಲ್ಲ ಸೇರಿ 190. ಲಿವರ್, ಗುಂಡಿಗೆ, ಸ್ವಚ್ಛ ಮಾಡಿದ ಗಿಜರ್ಡ್ ಮೂರೂ ಸೇರಿ 90. ಇಷ್ಟೂ ಕೂಡಿದರೆ 825 ಗ್ರಾಂ. ಹಲಗೆಯ ಮೇಲೆ ಉಳಿದ ಕತ್ತು ಸಮೇತದ ಸುಲಿದ ದೇಹ 1,375 ಗ್ರಾಂ, ಅಂದರೆ ಜೀವಂತ ತೂಕದ ಶೇ. 62.5.

ಆಮೇಲೆ ಮನೆಗೆ ತಂದು ಮೂಳೆ ಬಿಡಿಸಿದೆ. ಎರಡು ಎದೆಯ ಮಾಂಸ 430 ಗ್ರಾಂ, ಎರಡು ಕಾಲು ಮತ್ತು ತೊಡೆಯದು 350, ರೆಕ್ಕೆ, ಬೆನ್ನು, ಕತ್ತು ಕೆರೆದು ಬಂದದ್ದು 140. ಒಟ್ಟು 920 ಗ್ರಾಂ ಬರೀ ಮಾಂಸ. ಮೂಳೆ 440, ಕೊಬ್ಬಿನ ಚೂರು ಮತ್ತು ಚಾಕುವಿಗೆ ಅಂಟಿ ಹೋದದ್ದು 15.

ಎರಡು ಕಿಲೋ ಆಸುಪಾಸಿನ ಬ್ರಾಯ್ಲರ್‌ಗಳಲ್ಲಿ ಈ ಅಂಕಿಗಳು ಬಹಳ ಅಲುಗಾಡುವುದಿಲ್ಲ. ಚರ್ಮ ಸಮೇತ, ಒಳಭಾಗಗಳನ್ನು ಬಿಟ್ಟು ಶೇ. 70ರಿಂದ 73, ಚರ್ಮ ಸುಲಿದು 61ರಿಂದ 65, ಬರೀ ಮಾಂಸ 40ರ ಸುತ್ತಮುತ್ತ. ಈಗ ಈ ಕೋಳಿಗೆ ಕೊಟ್ಟ 220ನ್ನು ಹಂಚಿ ನೋಡೋಣ.

ಚರ್ಮ ಸಮೇತ 1,575 ಗ್ರಾಂ ಪಾತ್ರೆಗೆ ಹಾಕಿದರೆ ಕಿಲೋಗೆ 140. ಚರ್ಮ ಸುಲಿದ 1,375 ಗ್ರಾಂ ಬಳಸಿದರೆ ಕಿಲೋಗೆ 160. ಬರೀ ಮಾಂಸ 920 ಗ್ರಾಂ ಮಾತ್ರ ಲೆಕ್ಕಕ್ಕೆ ಹಿಡಿದರೆ ಕಿಲೋಗೆ 239. ಒಳಭಾಗಗಳನ್ನೂ ತಿನ್ನುವವರಾದರೆ 90 ಗ್ರಾಂ ಸೇರಿ 160 ಇದ್ದದ್ದು 150ಕ್ಕೆ ಇಳಿಯುತ್ತದೆ, 239 ಇದ್ದದ್ದು 218ಕ್ಕೆ.

ಹಾಗಾಗಿ ನೆನಪಿಟ್ಟುಕೊಳ್ಳಬೇಕಾದವು ಮೂರೇ ಅಂಕಿಗಳು: 1.4, 1.6, 2.4. ಜೀವಂತ ದರವನ್ನು ಇವುಗಳಿಂದ ಗುಣಿಸಿದರೆ ಕ್ರಮವಾಗಿ ಚರ್ಮ ಸಮೇತ, ಚರ್ಮ ಸುಲಿದ, ಮೂಳೆ ಬಿಡಿಸಿದ ಮಾಂಸದ ನಿಜವಾದ ದರ ಸಿಗುತ್ತದೆ. ಅಂಗಡಿಯ ದರ ಅದಕ್ಕಿಂತ ಕಡಿಮೆ ಇದ್ದರೆ ಶುದ್ಧ ಮಾಡಿದ್ದನ್ನೇ ಕೊಳ್ಳಿ, ಹೆಚ್ಚಿದ್ದರೆ ಜೀವಂತ ತೂಕಕ್ಕೆ ಹೋಗಿ. ಇನ್ನು ಮುಂದಿನದೆಲ್ಲ ಈ ಅಂಕಿಗಳು ಎಲ್ಲಿ ಹಿಡಿಯುತ್ತವೆ, ಎಲ್ಲಿ ಜಾರುತ್ತವೆ ಎನ್ನುವುದರ ಮಾತು.

ಜೀವಂತ ತೂಕದಲ್ಲಿ ಕೊಂಡು ಸುಲಿಸಿಕೊಳ್ಳುವುದು

ನಿಮ್ಮ ಕಣ್ಣೆದುರು ಆಗುವ ಕೆಲಸ ಇದು. ಕೋಳಿ ಚುರುಕಾಗಿದೆಯೇ, ಕಣ್ಣು ಹೊಳೆಯುತ್ತಿದೆಯೇ ಎಂದು ನೋಡಬಹುದು. ಒಳಭಾಗಗಳೂ ಪಾದಗಳೂ ನಿಮ್ಮವೇ. ಆದರೆ ತೂಕದ ಅಪಾಯ ಪೂರ್ತಿ ನಿಮ್ಮ ಹೆಗಲ ಮೇಲೆ. 62.5 ಬರಬೇಕಾದಲ್ಲಿ 58 ಬಂದರೆ ಆ ನಷ್ಟ ಅಂಗಡಿಯವನದ್ದಲ್ಲ.

ಈ ನಷ್ಟದ ದೊಡ್ಡ ಕಾರಣ ತುಂಬಿದ ಹೊಟ್ಟೆ. ಸಾಮಾನ್ಯವಾಗಿ ಕೊಯ್ಯುವ ಮೊದಲು ಎಂಟು ಹತ್ತು ಗಂಟೆ ಕೋಳಿಗೆ ಮೇವು ಕೊಡದೆ ನೀರು ಮಾತ್ರ ಇಡುತ್ತಾರೆ, ಕರುಳು ಖಾಲಿಯಾಗಲಿ ಎಂದು. ಮೇವು ತಿಂದ ತಕ್ಷಣ ತಕ್ಕಡಿಗೆ ಏರಿಸಿದರೆ ಆ ಮೇವಿಗೂ ನೀವು ಮಾಂಸದ ದರ ಕೊಟ್ಟಂತೆ. ನನ್ನ ಕೋಳಿಯ ಹೊಟ್ಟೆಯಲ್ಲಿ ಇನ್ನೂ 80 ಗ್ರಾಂ ಮೇವು, ನೀರು ಇದ್ದಿದ್ದರೆ ತೂಕ 2,280 ಆಗುತ್ತಿತ್ತು, ಮಾಂಸ ಅದೇ 1,375. ಕಿಲೋಗೆ 160 ಇದ್ದದ್ದು 166 ಆಗುತ್ತಿತ್ತು. ಒಂದು ಕೋಳಿಗೆ ಇದು ಸಣ್ಣದು, ಮೂವತ್ತು ಕೋಳಿ ಕೊಳ್ಳುವವನಿಗೆ ಒಂದು ಕೋಳಿಗೂ ಮೀರಿದ ಬೆಲೆ. ಕಂಡುಹಿಡಿಯುವುದು ಸುಲಭ. ಕತ್ತಿನ ಬುಡದಲ್ಲಿ, ಎದೆಮೂಳೆ ಶುರುವಾಗುವ ಜಾಗದಲ್ಲಿ ಬೆರಳಿಟ್ಟು ಒತ್ತಿ ನೋಡಿ. ಕಾಳು ತುಂಬಿದ ಸಣ್ಣ ಚೀಲ ಕೈಗೆ ಸಿಕ್ಕರೆ ಮೇವಿನ ಚೀಲ ತುಂಬಿದೆ ಎಂದರ್ಥ. ಖಾಲಿ ಇದ್ದರೆ ಚರ್ಮದ ಮಡಿಕೆ ಅಷ್ಟೇ ಸಿಗುತ್ತದೆ. ಮಳೆಯಲ್ಲಿ ನೆನೆದ ಕೋಳಿಯ ಪುಕ್ಕವೂ ಹೀಗೆಯೇ ನೀರು ಹೊತ್ತಿರುತ್ತದೆ, ಒಣಗಿದ್ದನ್ನು ಕೇಳಿ.

ಎರಡನೆಯದು ಗಾತ್ರ. ಚಿಕ್ಕ ಕೋಳಿಯಲ್ಲಿ ತಲೆ, ಪಾದ, ಕರುಳು, ಮೂಳೆಯ ಪಾಲು ಹೆಚ್ಚು, ಎದೆಯ ಮಾಂಸದ ಪಾಲು ಕಡಿಮೆ. 1.2 ಕಿಲೋದ ಕೋಳಿಯಲ್ಲಿ ಸುಲಿದ ಮೇಲೆ ಶೇ. 59 ಉಳಿಯಿತು ಎಂದುಕೊಳ್ಳಿ, ದರ ಆಗಲೇ 169. ಕತ್ತರಿಸುವ ಕೂಲಿ ಕೋಳಿಗೆ ಇಷ್ಟು ಎಂದು ಇರುವಲ್ಲಿ ಇದು ಇನ್ನೂ ಏರುತ್ತದೆ. ಕೋಳಿಗೆ 10 ಕೂಲಿ ಅಂದರೆ 1.2 ಕಿಲೋದ್ದಕ್ಕೆ ಒಟ್ಟು 130 ಕೊಟ್ಟು 710 ಗ್ರಾಂ ತರುತ್ತೀರಿ, ಕಿಲೋಗೆ 183. ಅದೇ 10 ಕೂಲಿ 2.2 ಕಿಲೋದ ಕೋಳಿಗೆ ಕೊಟ್ಟರೆ 167. ಒಂದೇ ಅಂಗಡಿ, ಒಂದೇ ದರ, ಆದರೂ ಹದಿನಾರರ ವ್ಯತ್ಯಾಸ. ಕೂಲಿ ಕಿಲೋ ಲೆಕ್ಕವೋ ಕೋಳಿ ಲೆಕ್ಕವೋ ಎಂದು ಮೊದಲೇ ಕೇಳಿಕೊಳ್ಳಿ. ಎರಡು ಸಣ್ಣದರ ಬದಲು ಒಂದು ದೊಡ್ಡದನ್ನು ಕೊಳ್ಳಲು ಸಾಧ್ಯವಿದ್ದರೆ ಬಹುತೇಕ ಯಾವಾಗಲೂ ಲಾಭವೇ. ದೊಡ್ಡ ಕೋಳಿಯ ಮಾಂಸ ತುಸು ಗಟ್ಟಿ ಎನ್ನುವವರಿದ್ದಾರೆ, ಅದು ನಾಲಿಗೆಯ ವಿಷಯ.

ಮೂರನೆಯದು, ತೂಗಿದ್ದೆಲ್ಲ ನಿಮ್ಮ ಚೀಲಕ್ಕೆ ಬಂತೇ ಎನ್ನುವುದು. ರೆಕ್ಕೆಯ ತುದಿಯಲ್ಲಿ ಚರ್ಮ ಸುಲಿಯುವುದು ಕಿರಿಕಿರಿ, ಹಾಗಾಗಿ ತುದಿಯ ಕೀಲನ್ನೇ ಕತ್ತರಿಸಿ ಎಸೆಯುವ ರೂಢಿ ಹಲವರಿಗಿದೆ. ಕತ್ತು ತಲೆಯ ಜೊತೆ ಬುಟ್ಟಿಗೆ ಹೋಗುತ್ತದೆ. ಲಿವರ್ ಕೇಳದಿದ್ದರೆ ಪಕ್ಕಕ್ಕೆ ಸರಿಯುತ್ತದೆ. ಒಂದೊಂದೂ ಇಪ್ಪತ್ತು, ನಲವತ್ತು, ಐವತ್ತು ಗ್ರಾಂ. ಒಟ್ಟು ಸೇರಿದರೆ, ಒಳಭಾಗ ಸೇರಿ ಶೇ. 66 ಇದ್ದದ್ದು 61ಕ್ಕೆ ಬರುವುದು ಹೀಗೆಯೇ. ಇದರಲ್ಲಿ ಮೋಸವೇ ಇರಬೇಕೆಂದಿಲ್ಲ, ಕೇಳುವವರು ಕೇಳುತ್ತಾರೆ, ಕೇಳದವರದ್ದು ಬುಟ್ಟಿ ಸೇರುತ್ತದೆ.

ಪರೀಕ್ಷೆ ಒಂದೇ. ಕತ್ತರಿಸಿದ ಮೇಲೆ ಚೀಲವನ್ನು ಅದೇ ತಕ್ಕಡಿಯಲ್ಲಿ ಇನ್ನೊಮ್ಮೆ ಇಡಿಸಿ, ಬಂದದ್ದನ್ನು ಜೀವಂತ ತೂಕದಿಂದ ಭಾಗಿಸಿ. ಒಳಭಾಗ ಸೇರಿದ್ದರೆ 0.66 ಆಸುಪಾಸು, ಸೇರಿಲ್ಲದಿದ್ದರೆ 0.62. ಎರಡು ಕಿಲೋ ದಾಟಿದ ಬ್ರಾಯ್ಲರ್‌ನಲ್ಲಿ 0.58ಕ್ಕಿಂತ ಕೆಳಗೆ ಬಂದರೆ ಬುಟ್ಟಿಯಲ್ಲಿ ಏನು ಹೋಯಿತು ಎಂದು ಕೇಳುವ ಹಕ್ಕು ನಿಮಗಿದೆ. ಮೊದಲ ತೂಕವನ್ನು ಯಾರೂ ನೋಡದೆ ಹೇಳಿದ್ದಾದರೆ ಈ ಭಾಗಾಕಾರಕ್ಕೆ ಅರ್ಥವಿಲ್ಲ, ಹಾಗಾಗಿ ಖಾಲಿ ತಕ್ಕಡಿ ಸೊನ್ನೆ ತೋರಿಸುವುದನ್ನೂ, ಕೋಳಿ ಕೂತ ಬುಟ್ಟಿಯ ತೂಕ ಕಳೆಯುವುದನ್ನೂ ಮೊದಲೇ ನೋಡಿಕೊಳ್ಳಿ. ರೆಕ್ಕೆ ಬಡಿಯುವ ಕೋಳಿ ತಕ್ಕಡಿಯ ಮುಳ್ಳನ್ನು ಕುಣಿಸುತ್ತದೆ, ಅಂಕಿ ನಿಲ್ಲುವವರೆಗೆ ಕಾಯಬೇಕು.

ಚರ್ಮ ಸಮೇತ, ಪುಕ್ಕ ಕಿತ್ತದ್ದು

ಬಿಸಿನೀರಿನಲ್ಲಿ ಅದ್ದಿ ಪುಕ್ಕ ಕಿತ್ತ ಕೋಳಿ ಕಾಗದದ ಮೇಲೆ ಎಲ್ಲಕ್ಕಿಂತ ಅಗ್ಗ, ಕಿಲೋಗೆ 140. ಹುರಿಯುವವರಿಗೆ, ಸುಡುವವರಿಗೆ, ಇಡಿಯಾಗಿ ಬೇಯಿಸುವವರಿಗೆ ಚರ್ಮವೇ ಬೇಕು, ಅದು ಮಾಂಸ ಒಣಗದಂತೆ ಕಾಯುತ್ತದೆ. ಅಂಥವರಿಗೆ ಇದು ನೇರ ಲಾಭ.

ಆದರೆ ‘ಅಗ್ಗ ಸಿಗುತ್ತದೆ’ ಎಂದು ಚರ್ಮ ಸಮೇತ ತಂದು ಮನೆಯಲ್ಲಿ ಸುಲಿದು ಬಿಸಾಡುವವರನ್ನು ನೋಡಿದ್ದೇನೆ. 1,575 ಗ್ರಾಂನಲ್ಲಿ 200 ಬಿಸಾಡಿದರೆ ಉಳಿಯುವುದು ಮತ್ತದೇ 1,375, ದರ ಮತ್ತದೇ 160, ಮೇಲೆ ನಿಮ್ಮ ಅರ್ಧ ಗಂಟೆ. ಶುದ್ಧ ಮಾಡಿದ್ದನ್ನೇ ತೂಕಕ್ಕೆ ಕೊಳ್ಳುವಾಗಲೂ ಚರ್ಮ ಇದ್ದದ್ದು, ಇಲ್ಲದ್ದು ಎರಡೂ ಇದ್ದರೆ ಇರುವುದರ ದರವನ್ನು 1.15ರಿಂದ ಗುಣಿಸಿ ಇಲ್ಲದ್ದರ ದರದ ಜೊತೆ ನೋಡಿ. ಚರ್ಮ ಸಮೇತ 135 ಅಂದರೆ ಸುಲಿದ ಮೇಲೆ 155. ಸುಲಿದದ್ದು 152ಕ್ಕೆ ಸಿಕ್ಕರೆ ಅದನ್ನೇ ತನ್ನಿ.

ಚರ್ಮದ ಜೊತೆ ಅದರಡಿಯ ಕೊಬ್ಬೂ ಬರುತ್ತದೆ ಎನ್ನುವುದು ಇನ್ನೊಂದು ಮುಖ. ಬೇಯುವಾಗ ಅದರಲ್ಲಿ ಒಂದು ಪಾಲು ಕರಗಿ ಎಣ್ಣೆಯಾಗಿ ಮೇಲೆ ತೇಲುತ್ತದೆ. ಅದನ್ನು ಚಮಚದಲ್ಲಿ ತೆಗೆದು ಚೆಲ್ಲುವವರು ಆ ತೂಕಕ್ಕೂ ಹಣ ಕೊಟ್ಟಿರುತ್ತಾರೆ.

ಸುಲಿದು ಕತ್ತರಿಸಿದ ಮಾಂಸ, ತೂಕದ ಲೆಕ್ಕದಲ್ಲಿ

ಇಲ್ಲಿ ತೂಕದ ಅಪಾಯ ಅಂಗಡಿಯವನದ್ದು. ಕೋಳಿಯ ಹೊಟ್ಟೆ ತುಂಬಿತ್ತೋ ಖಾಲಿ ಇತ್ತೋ ನಿಮಗೆ ಸಂಬಂಧವಿಲ್ಲ. ಆ ನಿಶ್ಚಿಂತೆಗೆ 1.6ಕ್ಕಿಂತ ತುಸು ಹೆಚ್ಚು ಕೊಡುವುದು ನ್ಯಾಯವೇ. ನನ್ನ ಮಟ್ಟಿಗೆ 1.65ವರೆಗೆ ಸರಿ. ಜೀವಂತ ಕೊಂಡರೂ ಕೂಲಿ ಸೇರಿ 167 ಬಿದ್ದದ್ದನ್ನು ಮೇಲೆ ನೋಡಿದೆವಲ್ಲ.

ನೋಡಬೇಕಾದದ್ದು ತುಂಡುಗಳ ಮಿಶ್ರಣ. ಒಂದು ಕಿಲೋ ಚೀಲದಲ್ಲಿ ಇಡೀ ಕೋಳಿಯ ಅನುಪಾತ ಇದ್ದರೆ ಸುಮಾರು 670 ಗ್ರಾಂ ಮಾಂಸ, 320 ಗ್ರಾಂ ಮೂಳೆ ಇರಬೇಕು. ಎದೆಯನ್ನು ಬೇರೆ ಗಿರಾಕಿಗೆ ಬೋನ್‌ಲೆಸ್ ಎಂದು ಮಾರಿ, ಬೆನ್ನು, ಕತ್ತು, ರೆಕ್ಕೆ, ಬರಿದಾದ ಎದೆಗೂಡನ್ನು ಚೀಲದಲ್ಲಿ ತುಂಬಿದರೆ ತಕ್ಕಡಿ ಒಂದು ಕಿಲೋ ಎಂದೇ ತೋರಿಸುತ್ತದೆ. ನನ್ನ ಕೋಳಿಯಲ್ಲೇ ಎದೆಯ 430 ತೆಗೆದರೆ ಉಳಿದ 945 ಗ್ರಾಂನಲ್ಲಿ ಮಾಂಸ 490 ಮಾತ್ರ, ಅಂದರೆ ಅರ್ಧಕ್ಕಿಂತ ಚೂರು ಮೇಲೆ. ಅದಕ್ಕೂ ಇಡೀ ಕೋಳಿಯ 160 ಕೊಟ್ಟರೆ ಬರೀ ಮಾಂಸ ಕಿಲೋಗೆ 309 ಬಿದ್ದಂತೆ! ಹಾಗಾಗಿ ಈ ಬಗೆಯಲ್ಲಿ ಕೊಳ್ಳುವಾಗ ರಾಶಿಯಿಂದ ಬಾಚಿ ಹಾಕಿಸಿಕೊಳ್ಳಬೇಡಿ. ಇಡೀ ಸುಲಿದ ಕೋಳಿಯನ್ನು ತೋರಿಸಿ ‘ಇದನ್ನೇ ತೂಗಿ, ಇದನ್ನೇ ಕತ್ತರಿಸಿ’ ಅನ್ನಿ.

ಬೋನ್‌ಲೆಸ್

ಬೋನ್‌ಲೆಸ್ ದರ ಕಂಡು ಹೆಚ್ಚಿನವರು ಹೌಹಾರುತ್ತಾರೆ. ಜೀವಂತ 100 ಇರುವಾಗ ಬೋನ್‌ಲೆಸ್ 290 ಎಂದು ಇದ್ದರೆ, ನಮ್ಮ 239ರ ಎದುರು ಅದು ಸುಲಿಗೆಯ ಹಾಗೆ ಕಾಣುತ್ತದೆ. ಸ್ವಲ್ಪ ನಿಧಾನಿಸಿ. 239 ಎನ್ನುವುದು ಎದೆ, ತೊಡೆ, ರೆಕ್ಕೆ, ಕತ್ತು ಎಲ್ಲದರ ಮಾಂಸದ ಸರಾಸರಿ. ಬೆನ್ನನ್ನು ಕೆರೆದು ತೆಗೆದದ್ದೂ ಅದರಲ್ಲಿದೆ. ಅಂಗಡಿಯ ಬೋನ್‌ಲೆಸ್ ಬಹುತೇಕ ಬರೀ ಎದೆ.

ಎದೆ ಮಾತ್ರ ತಿನ್ನುವ ಮನೆಯ ಲೆಕ್ಕ ಬೇರೆ. 220 ಕೊಟ್ಟು ಕೋಳಿ ತಂದು 430 ಗ್ರಾಂ ಎದೆಯನ್ನಷ್ಟೇ ಬಳಸಿ ಉಳಿದದ್ದನ್ನು ಯಾರಿಗೋ ಕೊಟ್ಟುಬಿಟ್ಟರೆ ಕಿಲೋಗೆ 512 ಬೀಳುತ್ತದೆ. ಅವರಿಗೆ 290 ಅರ್ಧಬೆಲೆಗೆ ಸಿಕ್ಕ ಹಾಗೆ. ಇನ್ನು ಉಳಿದ 945 ಗ್ರಾಂ ಎಲುಬು ಸಮೇತದ ತುಂಡುಗಳನ್ನು ಬಳಸುವವರು, ಅದಕ್ಕೆ ತಾವು ಕಿಲೋಗೆ ಎಷ್ಟು ಕೊಡಲು ಸಿದ್ಧ ಎಂದು ತಮ್ಮನ್ನೇ ಕೇಳಿಕೊಳ್ಳಬೇಕು. ಎದೆ ಇಲ್ಲದ, ಮೂಳೆ ಹೆಚ್ಚಿರುವ ಮಾಲು, ಕಿಲೋಗೆ 100 ಅನ್ನೋಣ. ಅಂದರೆ 94.5. ಅದನ್ನು 220ರಿಂದ ಕಳೆದರೆ ಎದೆಗೆ ಬಿದ್ದ ಖರ್ಚು 125.5, ಕಿಲೋಗೆ 292. ಅಂಗಡಿಯ 290ಕ್ಕೂ ಇದಕ್ಕೂ ವ್ಯತ್ಯಾಸವೇ ಇಲ್ಲ, ಚಾಕು ಹಿಡಿಯುವ ಕೆಲಸವಂತೂ ಉಳಿಯಿತು.

ಹಾಗಾದರೆ ಮನೆಯಲ್ಲಿ ಮೂಳೆ ಬಿಡಿಸುವುದು ಯಾರಿಗೆ ಲಾಭ? ತೊಡೆಯ ಮಾಂಸವನ್ನೂ ಎದೆಯಷ್ಟೇ ಇಷ್ಟಪಡುವವರಿಗೆ, ಮತ್ತು 440 ಗ್ರಾಂ ಮೂಳೆಯನ್ನು ಕುದಿಸಿ ಸೂಪ್ ಮಾಡುವವರಿಗೆ. ಅವರಿಗೆ 239 ನಿಜವಾದ 239, ಮೂಳೆ ಪುಕ್ಕಟೆ. ಆದರೆ ಕೈ ಪಳಗಬೇಕು. ನಾನು ಮೊದಲ ಸಲ ಬಿಡಿಸಿದಾಗ ಮೂಳೆಗೆ ಅಂಟಿಕೊಂಡೇ ಹೋದ ಮಾಂಸ ನೂರು ಗ್ರಾಂಗೂ ಹೆಚ್ಚಿತ್ತು. 920ರ ಬದಲು 810 ಬಂದರೆ ದರ 272. ಎದೆಮೂಳೆಯ ನಡುವಿನ ಏಣಿಗೆ ಚಾಕು ತಾಗಿಸಿಕೊಂಡು, ಮಾಂಸವನ್ನು ಇನ್ನೊಂದು ಕೈಯಲ್ಲಿ ಎಳೆಯುತ್ತಾ, ಪಕ್ಕೆಲುಬಿನ ಮೇಲೆ ಸಣ್ಣ ಸಣ್ಣ ಗೀರು ಹಾಕುತ್ತಾ ಇಳಿಯಬೇಕು. ಬಿಡಿಸಿದ ಎದೆಗೂಡನ್ನು ಬೆಳಕಿಗೆ ಹಿಡಿದರೆ ಪಕ್ಕೆಲುಬುಗಳ ನಡುವಿನ ಪೊರೆ ಅರೆಪಾರದರ್ಶಕವಾಗಿ ಕಾಣಬೇಕು. ಗುಲಾಬಿ ಬಣ್ಣ ದಟ್ಟವಾಗಿ ಕಂಡರೆ ಮಾಂಸ ಅಲ್ಲೇ ಉಳಿದಿದೆ.

ಹೆಪ್ಪುಗಟ್ಟಿಸಿದ ಇಡೀ ಕೋಳಿ

ಇದರ ಬಗ್ಗೆ ಹೆಚ್ಚು ಹೇಳುವುದಿಲ್ಲ. ತಣ್ಣೀರಿನ ತೊಟ್ಟಿಯಲ್ಲಿ ಮುಳುಗಿಸಿ ತಣಿಸಿದ ಕೋಳಿ ಸ್ವಲ್ಪ ನೀರು ಹೀರಿಕೊಳ್ಳುತ್ತದೆ, ಗಾಳಿಯಲ್ಲಿ ತಣಿಸಿದ್ದು ಹೀರಿಕೊಳ್ಳುವುದಿಲ್ಲ. ಆ ನೀರು ಕರಗುವಾಗ ತಟ್ಟೆಗೆ ಇಳಿಯುತ್ತದೆ. ಕೆಲವು ಪೊಟ್ಟಣಗಳಲ್ಲಿ ಲಿವರ್, ಕತ್ತನ್ನು ಸಣ್ಣ ಚೀಲದಲ್ಲಿ ಕಟ್ಟಿ ಹೊಟ್ಟೆಯೊಳಗೇ ಇಟ್ಟಿರುತ್ತಾರೆ, ಅದೂ ತೂಕದಲ್ಲಿ ಸೇರಿರುತ್ತದೆ. ಒಂದು ಸಲ ಫ್ರಿಜ್ಜಿನೊಳಗೆ ರಾತ್ರಿಯಿಡೀ ಕರಗಿಸಿ, ನೀರು ಬಸಿದು, ಒರೆಸಿ ತೂಗಿ ನೋಡಿ. 1,200 ಗ್ರಾಂ ಎಂದು ಬರೆದದ್ದು 1,130 ಬಂದರೆ ದರವನ್ನು ಆ 1,130ರ ಮೇಲೆ ಲೆಕ್ಕ ಹಾಕಿ. ಅದೇ ಕಂಪನಿಯದ್ದನ್ನು ಮುಂದೆ ಕೊಳ್ಳುವಾಗ ಅಷ್ಟೇ ಪಾಲು ಕಳೆದುಕೊಂಡರೆ ಸಾಕು.

ಕೋಳಿ ಬ್ರಾಯ್ಲರ್ ಅಲ್ಲದಿದ್ದರೆ

1.4, 1.6, 2.4 ಎದೆ ತುಂಬಿಕೊಳ್ಳಲೆಂದೇ ಬೆಳೆಸಿದ ಬ್ರಾಯ್ಲರ್ ತಳಿಗೆ ಹೊಂದುವ ಅಂಕಿಗಳು. ನಿಧಾನವಾಗಿ ಬೆಳೆಯುವ ನಾಟಿ ಕೋಳಿಯ ಕಾಲು ಉದ್ದ, ಮೂಳೆ ಗಟ್ಟಿ, ಎದೆ ಚೂಪು. ಸುಲಿದ ಮೇಲೆ ಶೇ. 60 ದಾಟಿದರೆ ಅದೃಷ್ಟ, ಹಾಗಾಗಿ 1.7 ಅಥವಾ 1.75 ಎಂದು ಹಿಡಿಯುವುದು ಕ್ಷೇಮ. ಮೊಟ್ಟೆ ಇಡುವುದು ಮುಗಿದ ಮುದಿ ಹೇಂಟೆಯದು ಇನ್ನೂ ಮೋಸದ ತೂಕ. ಹೊಟ್ಟೆಯೊಳಗೆ ಹಳದಿ ಕೊಬ್ಬಿನ ಗಡ್ಡೆ, ಮೊಟ್ಟೆಯ ನಾಳ, ಕೆಲವೊಮ್ಮೆ ದ್ರಾಕ್ಷಿಗೊಂಚಲಿನ ಹಾಗೆ ಅರೆಬೆಳೆದ ಹಳದಿಗಳು ಇರುತ್ತವೆ. ಎದೆಯ ಮೇಲೆ ಕೈಯಾಡಿಸಿದರೆ ನಡುಮೂಳೆ ಚಾಕುವಿನ ಬೆನ್ನಿನ ಹಾಗೆ ಚುಚ್ಚುತ್ತದೆ. ಜೀವಂತ ದರ ಎಷ್ಟೇ ಕಡಿಮೆ ಹೇಳಿದರೂ ಮೊದಲ ಸಲ ಒಂದನ್ನೇ ಕೊಂಡು, ಕತ್ತರಿಸಿದ್ದನ್ನು ತೂಗಿ, ನಿಮ್ಮದೇ ಗುಣಕ ಕಂಡುಕೊಂಡು ಆಮೇಲೆ ಹತ್ತು ಹೇಳಿ. ಬ್ರಾಯ್ಲರ್‌ಗೂ ಎದೆ ಮುಟ್ಟಿ ನೋಡುವ ಈ ಪರೀಕ್ಷೆ ಆಗುತ್ತದೆ. ನಡುಮೂಳೆಯ ಎರಡೂ ಬದಿ ಮಾಂಸ ಉಬ್ಬಿ ಮೂಳೆಯ ಸಮಕ್ಕೆ ಬಂದಿದ್ದರೆ ಒಳ್ಳೆಯ ಕೋಳಿ.

ಯಾರು ಯಾವುದನ್ನು ಕೊಳ್ಳಲಿ

ಇಬ್ಬರೋ ಮೂವರೋ ಇರುವ ಮನೆ, ಒಮ್ಮೆಗೆ ಅರ್ಧ ಮುಕ್ಕಾಲು ಕಿಲೋ ಸಾಕು ಎನ್ನುವವರು ಸುಲಿದ ಮಾಂಸವನ್ನು ತೂಕಕ್ಕೆ ಕೊಳ್ಳಲಿ. ಅಷ್ಟು ಕಡಿಮೆಗೆ ಚಿಕ್ಕ ಕೋಳಿಯನ್ನು ಜೀವಂತ ಕೊಂಡರೆ ಗಾತ್ರ, ಕೂಲಿ ಎರಡೂ ಹೊಡೆಯುತ್ತವೆ. ಐದಾರು ಜನರ ಮನೆಯಲ್ಲಿ ಲಿವರ್, ಗಿಜರ್ಡಿಗೆ ಮಕ್ಕಳು ಕಿತ್ತಾಡುತ್ತಾರೆ, ಮೂಳೆಯೂ ಕುದಿಯುತ್ತದೆ ಎಂದಾದರೆ ಎರಡು ಕಿಲೋ ಮೇಲಿನ ಕೋಳಿಯನ್ನು ಜೀವಂತ ತೂಕದಲ್ಲಿ ಕೊಳ್ಳುವುದಕ್ಕಿಂತ ಅಗ್ಗದ ದಾರಿ ಕಡಿಮೆ. ಪ್ರೋಟೀನು ಗ್ರಾಂ ಎಣಿಸಿ ಎದೆ ಮಾತ್ರ ತಿನ್ನುವವರು ಬೋನ್‌ಲೆಸ್ ದರಕ್ಕೆ ಅಳುವುದನ್ನು ಬಿಟ್ಟು ಅದನ್ನೇ ತರಲಿ, ಜೀವಂತ ದರದ ಮೂರು ಪಟ್ಟು ದಾಟಿದರೆ ಮಾತ್ರ ಇನ್ನೊಂದು ಅಂಗಡಿ ನೋಡಲಿ.

ದೊಡ್ಡ ಅಡಿಗೆಯಾದರೆ ಅಂಗಡಿಯವನ ಜೊತೆ ಸುಲಿದ ತೂಕಕ್ಕೆ ದರ ಮಾತಾಡಿ: ‘ನನಗೆ 20 ಕಿಲೋ ಶುದ್ಧ ಮಾಡಿದ್ದು ಬೇಕು, ಎಷ್ಟು ಕೋಳಿ ಕೊಯ್ಯುತ್ತೀರೋ ನಿಮ್ಮ ಲೆಕ್ಕ.’ ಆ ದರ 1.65ರ ಒಳಗಿದ್ದರೆ ಒಪ್ಪಿಕೊಳ್ಳಿ. ಒಪ್ಪದೆ ಜೀವಂತ ತೂಕವೇ ಅಂದರೆ 32 ಕಿಲೋ ಹೇಳಿ, 2.2 ಕಿಲೋ ಸರಾಸರಿಯಲ್ಲಿ ಹದಿನೈದು ಕೋಳಿ. ಹಿಂದಿನ ರಾತ್ರಿ ಮೇವು ನಿಲ್ಲಿಸಿದ್ದಾರೆಯೇ ಎಂದು ಕೇಳಿ, ಮೊದಲ ಎರಡು ಕೋಳಿ ಕತ್ತರಿಸಿದ ಕೂಡಲೇ ತೂಗಿಸಿ. 0.60ಕ್ಕಿಂತ ಕಡಿಮೆ ಬಂದರೆ ಹದಿನಾರನೆಯದನ್ನು ಅಲ್ಲೇ ಹಿಡಿಸಿ, ಒಲೆ ಹೊತ್ತಿಸಿದ ಮೇಲೆ ಇನ್ನೊಂದು ಕೋಳಿಗೆ ಓಡುವುದು ಎಷ್ಟು ಕಷ್ಟ ಎಂದು ನನಗೆ ಗೊತ್ತು.